ಸೀಟು, ಊಟ, ಲಗೇಜು: ಈಗಲೇ ಆನ್‌ಲೈನ್‌ನಲ್ಲಿ ಹಣ ಕಟ್ಟಬೇಕೇ, ವಿಮಾನ ನಿಲ್ದಾಣದಲ್ಲಿ ಕಟ್ಟಿದರೆ ಸಾಕೇ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ಎಪ್ಪತ್ತು ವರ್ಷದ ನನ್ನ ತಾಯಿ ಮತ್ತು ಆರು ವರ್ಷದ ಮಗ, ಮೂವರೂ ಕಡಿಮೆ ದರದ ವಿಮಾನವೊಂದರಲ್ಲಿ ಹೊರಟು, ಮೂರು ವಾರಗಳ ನಂತರ ಅದೇ ಸಂಸ್ಥೆಯ ವಿಮಾನದಲ್ಲಿ ಹಿಂದಿರುಗುತ್ತೇವೆ. ನಿನ್ನೆ ಟಿಕೆಟ್ ಮಾತ್ರ ಕಾದಿರಿಸಿದ್ದೇನೆ. ಸೀಟು, ಊಟ, ಚೆಕ್-ಇನ್ ಲಗೇಜು ಯಾವುದನ್ನೂ ಸೇರಿಸಿಲ್ಲ.

ಮೂವರಿಗೂ ಸೇರಿ ಒಂದೇ ಸೂಟ್‌ಕೇಸ್ ಸಾಕೆಂದು ಅಂದುಕೊಂಡಿದ್ದೇವೆ. ಮಾರ್ಗಕ್ಕೆ ತಕ್ಕಂತೆ ದರ ಬದಲಾಗುವುದರಿಂದ ನಾನು ಹಣದ ಮೊತ್ತವನ್ನು ಬರೆಯುವುದಿಲ್ಲ. 20 ಕೆ.ಜಿ. ಲಗೇಜಿಗೆ ಜಾಲತಾಣ ಇಂದು ಕೇಳುತ್ತಿರುವುದನ್ನು 100 ಎಂದಿಟ್ಟುಕೊಂಡರೆ, 25 ಕೆ.ಜಿ.ಗೆ 120 ಆಗುತ್ತದೆ. ಅದೇ 20 ಕೆ.ಜಿ.ಯನ್ನು ವಿಮಾನ ನಿಲ್ದಾಣದಲ್ಲಿ ಕೊಂಡರೆ 180 ಎಂದು ಶುಲ್ಕದ ಪಟ್ಟಿಯಲ್ಲಿದೆ. ಕೊಂಡ ಮಿತಿಯನ್ನು ಮೀರಿದರೆ ಪ್ರತಿ ಹೆಚ್ಚುವರಿ ಕೆ.ಜಿ.ಗೆ 15.

ಮುಂಗಡವೇ ಅಗ್ಗ ಎಂಬುದು ನನಗೂ ಕಾಣುತ್ತಿದೆ. ಆದರೆ ತಾಯಿಯವರ ಆರೋಗ್ಯ ಅಷ್ಟು ಸರಿಯಿಲ್ಲ. ಪ್ರಯಾಣ ರದ್ದಾದರೆ ಈ ಹೆಚ್ಚುವರಿ ಶುಲ್ಕಗಳು ಮರಳುವುದಿಲ್ಲ ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಹೀಗಿರುವಾಗ ಎಲ್ಲವನ್ನೂ ಈಗಲೇ ಕಟ್ಟುವುದು ಸರಿಯೇ, ಅಥವಾ ಹೊರಡುವ ದಿನ ಕೌಂಟರಿನಲ್ಲಿ ಕಟ್ಟುವುದು ಸರಿಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಗಾಳಿಪಟ

ಏನನ್ನೂ ಕಟ್ಟಬೇಡಿ. ನಾನು ವರ್ಷಕ್ಕೆ ಹತ್ತಾರು ಬಾರಿ ಇಂತಹ ವಿಮಾನಗಳಲ್ಲಿ ಓಡಾಡುತ್ತೇನೆ. ವೆಬ್ ಚೆಕ್-ಇನ್ ಮಾಡಿದಾಗ ಸೀಟು ತಾನಾಗಿಯೇ ಸಿಗುತ್ತದೆ, ಅದಕ್ಕೆ ಹಣ ಕೊಡುವ ಅಗತ್ಯವೇ ಇಲ್ಲ. ಊಟವನ್ನು ವಿಮಾನದೊಳಗೆ ಕೊಳ್ಳಬಹುದು. ಲಗೇಜಿನ ವಿಷಯದಲ್ಲಿ ಒಂದೆರಡು ಕೆ.ಜಿ. ಹೆಚ್ಚಾದರೂ ಕೌಂಟರಿನವರು ನೋಡಿಯೂ ನೋಡದಂತೆ ಬಿಟ್ಟುಬಿಡುತ್ತಾರೆ. ಅನುಕೂಲ ಎಂಬ ಹೆಸರಿನಲ್ಲಿ ಭಯವನ್ನು ಮಾರುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಚೀಟಿ

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೊಂಡರೆ ಅಗ್ಗವಾಗುವುದೂ ಉಂಟು. ಅಮೆರಿಕದ ಅಲೀಜಿಯಂಟ್ ಸಂಸ್ಥೆ ಆನ್‌ಲೈನ್ ಖರೀದಿಗೆ ಪ್ರತ್ಯೇಕ ಶುಲ್ಕವೊಂದನ್ನು ಸೇರಿಸುತ್ತದೆ. ನಿಲ್ದಾಣಕ್ಕೆ ಹೋಗಿ ಅವರ ಕೌಂಟರಿನಲ್ಲಿ ಕೊಂಡವರಿಗೆ ಆ ಶುಲ್ಕ ಬೀಳುವುದಿಲ್ಲ. ಆದ್ದರಿಂದ ಆನ್‌ಲೈನ್ ಎಂದರೆ ಯಾವಾಗಲೂ ಅಗ್ಗ ಎಂದು ನಂಬಬೇಡಿ.

ಕೌಂಟರಿನ ಆಚೆಯವನು

ಹಳೆಯ ಚೀಟಿಯವರೇ, ನೀವು ಹೇಳಿದ್ದು ಟಿಕೆಟಿನ ಮಟ್ಟಿಗೆ ನಿಜ. ಆದರೆ ಸಂಜೆಮಲ್ಲಿಗೆಯವರು ಟಿಕೆಟನ್ನು ಈಗಾಗಲೇ ಕೊಂಡಿದ್ದಾರೆ. ಅವರ ಪ್ರಶ್ನೆ ಅದರ ಮೇಲೆ ಸೇರುವ ಲಗೇಜು, ಸೀಟು, ಊಟದ ಬಗ್ಗೆ, ಮತ್ತು ಲಗೇಜಿನ ಲೆಕ್ಕ ಟಿಕೆಟಿನ ಲೆಕ್ಕಕ್ಕೆ ತದ್ವಿರುದ್ಧವಾಗಿ ನಡೆಯುತ್ತದೆ.

ನಾನು ಹನ್ನೊಂದು ವರ್ಷ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡಿದವನು. ಅಲ್ಲಿ ಕುಳಿತು ನೋಡಿದಾಗ ತಿಳಿಯುವ ಮೊದಲ ಸಂಗತಿಯೆಂದರೆ, ಮುಂಗಡವಾಗಿ ಮಾರುವ ಲಗೇಜು ಮತ್ತು ನಿಲ್ದಾಣದಲ್ಲಿ ಮಾರುವ ಲಗೇಜು ಒಂದೇ ಸರಕಿನ ಎರಡು ಬೆಲೆಗಳಲ್ಲ. ಮುಂಗಡವಾಗಿ ನೀವು ಕೊಳ್ಳುವುದು ಒಂದು ಮಿತಿಯನ್ನು, ಅಂದರೆ 15, 20 ಅಥವಾ 25 ಕೆ.ಜಿ.ವರೆಗಿನ ಜಾಗವನ್ನು. ನಿಲ್ದಾಣದಲ್ಲಿ ಕಟ್ಟುವುದು ಬಹುಮಟ್ಟಿಗೆ ದಂಡ. ಯುರೋಪಿನಲ್ಲಿ ಫ್ಲೈಬಿ ಮತ್ತು ರಯನ್‌ಏರ್ ಸಂಸ್ಥೆಗಳು 2006ರಲ್ಲಿ ಚೆಕ್-ಇನ್ ಲಗೇಜಿಗೆ ಪ್ರತ್ಯೇಕ ಶುಲ್ಕ ವಿಧಿಸಲು ತೊಡಗಿದಾಗ ಆದಾಯದ ಜೊತೆಗೆ ಇನ್ನೊಂದು ಉದ್ದೇಶವೂ ಇತ್ತು: ಜನ ಲಗೇಜನ್ನು ಕಡಿಮೆ ತರಬೇಕು, ತರುವವರು ಮೊದಲೇ ಹೇಳಬೇಕು. ಬಂದಿಳಿದ ವಿಮಾನ ಸುಮಾರು 25 ನಿಮಿಷಗಳಲ್ಲಿ ಮತ್ತೆ ಹೊರಡಬೇಕೆಂಬ ಲೆಕ್ಕದಲ್ಲಿ ಓಡುವ ಸಂಸ್ಥೆಗೆ, ಮೊದಲೇ ಹೇಳದೆ ಕೌಂಟರಿಗೆ ಬಂದ ಪ್ರತಿಯೊಂದು ಸೂಟ್‌ಕೇಸೂ ಸಾಲನ್ನು ನಿಧಾನಗೊಳಿಸುತ್ತದೆ. ಕೌಂಟರಿನ ದರ ಎತ್ತರದಲ್ಲಿರುವುದು ಮುಂದಿನ ಬಾರಿ ಹಾಗೆ ಬಾರದಿರಲಿ ಎಂದೇ.

ಎರಡನೆಯದಾಗಿ, ನಿಮ್ಮ ಮುಂದೆ ಇರುವುದು ಎರಡು ಆಯ್ಕೆಗಳಲ್ಲ, ಮೂರು. ಇಂದು ಕೊಳ್ಳಬಹುದು, ಹೊರಡುವ ಕೆಲವು ದಿನಗಳ ಮೊದಲು ಅದೇ ಜಾಲತಾಣದಲ್ಲಿ ನಿಮ್ಮ ಬುಕಿಂಗನ್ನು ತೆರೆದು ಕೊಳ್ಳಬಹುದು, ಕೊನೆಯದಾಗಿ ನಿಲ್ದಾಣದಲ್ಲಿ ಕೊಳ್ಳಬಹುದು. ನಡುವಿನ ಈ ದಾರಿಯನ್ನು ಬಹಳ ಜನ ಮರೆಯುತ್ತಾರೆ. ಬುಕಿಂಗ್ ಮಾಡುವಾಗಿನ ದರಕ್ಕಿಂತ ಅಲ್ಲಿ ತುಸು ಹೆಚ್ಚಿರಬಹುದು, ಆದರೆ ಕೌಂಟರಿನ ದರದ ಹತ್ತಿರಕ್ಕೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ.

ನಿಮ್ಮದೇ ಅಂಕಿಗಳಲ್ಲಿ ನೋಡೋಣ. ಇಂದು ಕೊಂಡು ಪ್ರಯಾಣ ರದ್ದಾದರೆ 100 ನಷ್ಟ. ಕೊಳ್ಳದೆ ನಿಲ್ದಾಣದವರೆಗೆ ಕಾದು ಪ್ರಯಾಣ ನಡೆದರೆ 80 ಹೆಚ್ಚು ಕೊಡಬೇಕು. ಇವೆರಡನ್ನು ತೂಗಿದರೆ, ಪ್ರಯಾಣ ರದ್ದಾಗುವ ಸಾಧ್ಯತೆ ನೂರಕ್ಕೆ 44ರಷ್ಟನ್ನು ದಾಟಿದರೆ ಮಾತ್ರ ನಿಲ್ದಾಣದವರೆಗೆ ಕಾಯುವುದರಲ್ಲಿ ಅರ್ಥವಿದೆ. ಅಷ್ಟು ಅನುಮಾನವಿದ್ದವರು ಟಿಕೆಟನ್ನೇ ಕೊಳ್ಳುತ್ತಿರಲಿಲ್ಲ. ಈಗ ನಡುವಿನ ದಾರಿಯನ್ನು ನೋಡಿ. ಹೊರಡುವ ಮೂರು ದಿನ ಮೊದಲು ಅದೇ 20 ಕೆ.ಜಿ.ಗೆ 110 ಆಗುತ್ತದೆ ಎಂದುಕೊಂಡರೆ, ಕಾದಿದ್ದಕ್ಕೆ ನೀವು ತೆರುವುದು 10 ಮಾತ್ರ. ರದ್ದಾಗುವ ಸಾಧ್ಯತೆ ನೂರಕ್ಕೆ 9ರಷ್ಟನ್ನು ಮೀರಿದ್ದರೂ ಕಾಯುವುದೇ ಮೇಲು. ತಾಯಿಯವರ ಆರೋಗ್ಯದ ಬಗ್ಗೆ ನಿಜವಾದ ಚಿಂತೆಯಿದ್ದರೆ ಈ 10 ಒಂದು ಸಣ್ಣ ವಿಮೆಯಿದ್ದಂತೆ.

ಗಾಳಿಪಟದವರು ಹೇಳಿದ ಒಂದೆರಡು ಕೆ.ಜಿ. ರಿಯಾಯಿತಿಯನ್ನು ಮಾತ್ರ ಯಾರೂ ನೆಚ್ಚಿಕೊಳ್ಳಬಾರದು. ನಾನೂ ಕೆಲವೊಮ್ಮೆ ಬಿಟ್ಟಿದ್ದೇನೆ. ಆದರೆ ವಿಮಾನ ತುಂಬಿದ ದಿನ, ಅಥವಾ ಹಿಂದೆ ಮೇಲ್ವಿಚಾರಕರು ನಿಂತಿರುವ ದಿನ, ಅರ್ಧ ಕೆ.ಜಿ.ಯನ್ನೂ ಬಿಡಲು ಬರುವುದಿಲ್ಲ. ಯಾವ ದಿನ ಹೇಗಿರುತ್ತದೆ ಎಂಬುದು ಪ್ರಯಾಣಿಕರಿಗೆ ಮೊದಲೇ ತಿಳಿಯುವ ಮಾತಲ್ಲ.

ಸಂಜೆಮಲ್ಲಿಗೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು, ಸರ್. ನಾನು ಪ್ರಶ್ನೆಯನ್ನು ಸರಿಯಾಗಿ ಬರೆದಿರಲಿಲ್ಲ ಎಂದು ಈಗ ಅನಿಸುತ್ತಿದೆ. ತಾಯಿಯವರಿಗೆ ಹೊರಡಲು ಆಗದಿದ್ದರೆ ಅವರು ನನ್ನ ತಂಗಿಯ ಮನೆಯಲ್ಲಿ ಉಳಿಯುತ್ತಾರೆ. ನಾನು ಮತ್ತು ಮಗ ಹೇಗಿದ್ದರೂ ಹೋಗಲೇಬೇಕು. ಇದರಿಂದ ಲೆಕ್ಕ ಬದಲಾಗುತ್ತದೆಯೇ? ಇನ್ನೊಂದು ಸಂಗತಿ: ಬುಕಿಂಗ್‌ನಲ್ಲಿ ಮೊದಲ ಪ್ರಯಾಣಿಕರಾಗಿ ತಾಯಿಯವರ ಹೆಸರಿದೆ. ಲಗೇಜನ್ನು ಸೇರಿಸಲು ಹೋದರೆ ಅವರ ಹೆಸರಿನ ಸಾಲೇ ಮೊದಲು ತೆರೆಯುತ್ತದೆ.

ಕೌಂಟರಿನ ಆಚೆಯವನು

ಪೂರ್ತಿಯಾಗಿ ಬದಲಾಗುತ್ತದೆ, ಮತ್ತು ನೀವು ಕೇಳಿದ ಎರಡನೆಯ ಸಂಗತಿಯಲ್ಲೇ ಉತ್ತರವಿದೆ. ಲಗೇಜು, ಸೀಟು, ಊಟ ಇವೆಲ್ಲವೂ ಬುಕಿಂಗಿಗೆ ಒಟ್ಟಾಗಿ ಸೇರುವುದಿಲ್ಲ. ಒಬ್ಬ ಪ್ರಯಾಣಿಕರ ಹೆಸರಿಗೆ, ಒಂದು ಪಯಣಕ್ಕೆ ಸೇರುತ್ತವೆ. ತಾಯಿಯವರ ಹೆಸರಿನಲ್ಲಿ ಲಗೇಜು ಕೊಂಡು, ಅವರು ಬಾರದಿದ್ದರೆ, ನಿಮ್ಮ ಸೂಟ್‌ಕೇಸಿಗೆ ಜಾಗವೇ ಇಲ್ಲದಂತಾಗಿ ಕೌಂಟರಿನಲ್ಲಿ 180 ಕೊಡುವ ಪರಿಸ್ಥಿತಿ ಬರುತ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಪುಟದಲ್ಲಿ ಕೆಳಕ್ಕಿಳಿದು, ನಿಮ್ಮ ಹೆಸರಿನ ಸಾಲಿನಲ್ಲೇ ಲಗೇಜನ್ನು ಸೇರಿಸಿ. ನೀವು ಹೋಗುವುದು ಖಚಿತವಾದ್ದರಿಂದ ಅದನ್ನು ಇಂದೇ ಕೊಳ್ಳಬಹುದು. ತಾಯಿಯವರ ಸೀಟು, ಊಟ ಮಾತ್ರ ಕೊನೆಯ ದಿನಗಳವರೆಗೆ ಕಾಯಲಿ.

ಹಿಂದಿರುಗುವ ಪಯಣದ ಲಗೇಜನ್ನು ಈಗ ಕೊಳ್ಳಬೇಡಿ. ಮೂರು ವಾರಗಳ ನಂತರ ಸೂಟ್‌ಕೇಸ್ ಎಷ್ಟು ತೂಗುತ್ತದೆ ಎಂಬುದು ಇಂದು ಯಾರಿಗೂ ತಿಳಿಯದು. ದೊಡ್ಡ ಮಿತಿಗೆ ಏರಲು ಸಾಮಾನ್ಯವಾಗಿ ವ್ಯತ್ಯಾಸವನ್ನು ಕಟ್ಟಿದರೆ ಸಾಕು, ಆದರೆ ಕೆಳಗಿಳಿದು ಹಣ ಮರಳಿ ಪಡೆಯಲು ಬರುವುದಿಲ್ಲ.

20 ಕೊಳ್ಳಬೇಕೋ 25 ಕೊಳ್ಳಬೇಕೋ ಎಂಬುದಕ್ಕೆ ನೀವು ಕೊಟ್ಟ ಅಂಕಿಗಳೇ ಸಾಕು. ಮೇಲಿನ ಮಿತಿಗೆ ಏರಲು 20 ಹೆಚ್ಚು, ಮೀರಿದ ಪ್ರತಿ ಕೆ.ಜಿ.ಗೆ 15. ಒಂದೇ ಕೆ.ಜಿ. ಮೀರಿದರೆ ದಂಡವೇ ಅಗ್ಗ, ಎರಡು ಕೆ.ಜಿ. ಮೀರಿದರೆ 30 ಆಗಿ ಮೇಲಿನ ಮಿತಿ ಅಗ್ಗವಾಗುತ್ತದೆ. ಆದ್ದರಿಂದ ಮೊದಲು ತೂಗಿ, ನಂತರ ಕೊಳ್ಳಿ. ಮನೆಯ ತೂಕದ ಯಂತ್ರವನ್ನು ಗಟ್ಟಿ ನೆಲದ ಮೇಲಿಡಿ, ಜಮಖಾನೆಯ ಮೇಲಿಟ್ಟರೆ ತೂಕವನ್ನು ತಪ್ಪಾಗಿ ತೋರಿಸುತ್ತದೆ. ಮೊದಲು ನೀವೊಬ್ಬರೇ ನಿಂತು, ಆಮೇಲೆ ಸೂಟ್‌ಕೇಸನ್ನು ಎತ್ತಿಕೊಂಡು ನಿಂತು, ಎರಡರ ವ್ಯತ್ಯಾಸವನ್ನು ಬರೆದುಕೊಳ್ಳಿ. ಅದರ ಮೇಲೆ ಒಂದು ಕೆ.ಜಿ. ಸೇರಿಸಿಕೊಂಡು ಲೆಕ್ಕ ಹಾಕಿ.

ನೀಲಿ ಸೂಟ್‌ಕೇಸ್

ನನ್ನ ಅನುಭವವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂಗಡವಾಗಿ ಕಟ್ಟಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ನಾನೂ ನಂಬಿದ್ದೆ. ಪ್ರಯಾಣಕ್ಕೆ ಎರಡು ದಿನ ಮೊದಲು ರಾತ್ರಿ 20 ಕೆ.ಜಿ. ಲಗೇಜಿಗೆ ಹಣ ಕಟ್ಟಿದೆ. ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶವೂ ಬಂತು. ನಿಲ್ದಾಣದಲ್ಲಿ ಕೌಂಟರಿನವರು ನನ್ನ ಹೆಸರಿನ ಮುಂದೆ ಲಗೇಜೇ ಇಲ್ಲವೆಂದರು. ಬ್ಯಾಂಕಿನ ಸಂದೇಶವನ್ನು ತೋರಿಸಿದರೂ ಒಪ್ಪಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು, ಸಮಯ ಮೀರುತ್ತಿತ್ತು, ಬೇರೆ ದಾರಿಯಿಲ್ಲದೆ ಅಲ್ಲಿನ ದರದಲ್ಲಿ ಮತ್ತೊಮ್ಮೆ ಕಟ್ಟಿದೆ. ಮೊದಲು ಕಡಿತವಾದ ಹಣ ಹದಿನೈದು ದಿನಗಳ ನಂತರ ಮರಳಿತು, ಆದರೆ ಕೌಂಟರಿನಲ್ಲಿ ಹೆಚ್ಚಾಗಿ ಕೊಟ್ಟದ್ದು ಮರಳಲಿಲ್ಲ. ಎಷ್ಟು ಪತ್ರ ಬರೆದರೂ ಅದೊಂದೇ ಉತ್ತರ ಬಂತು: ನಮ್ಮ ದಾಖಲೆಯಲ್ಲಿ ಖರೀದಿ ಆಗಿಲ್ಲ.

ಕೌಂಟರಿನ ಆಚೆಯವನು

ನಿಮಗಾದದ್ದಕ್ಕೆ ನಿಜವಾಗಿಯೂ ಬೇಸರವಾಗಿದೆ. ಕೌಂಟರಿನಲ್ಲಿರುವವರ ಪರದೆಯಲ್ಲಿ ಬ್ಯಾಂಕಿನ ವ್ಯವಹಾರ ಕಾಣುವುದಿಲ್ಲ, ಬುಕಿಂಗಿನಲ್ಲಿ ದಾಖಲಾದದ್ದು ಮಾತ್ರ ಕಾಣುತ್ತದೆ. ಹಣ ಬ್ಯಾಂಕಿನಿಂದ ಹೊರಟು, ಸಂಸ್ಥೆಯ ವ್ಯವಸ್ಥೆಗೆ ಅದರ ಖಚಿತತೆ ತಲುಪುವ ಮೊದಲೇ ಸಂಪರ್ಕ ಕಡಿದರೆ ಹೀಗಾಗುತ್ತದೆ. ಆ ಖರೀದಿ ಪೂರ್ಣವಾಗುವುದಿಲ್ಲ, ಹಣ ಕೆಲವು ದಿನಗಳಲ್ಲಿ ತಾನಾಗಿ ಮರಳುತ್ತದೆ.

ಇದನ್ನು ಕಂಡುಹಿಡಿಯುವ ಬಗೆ ಸುಲಭ. ಹಣ ಕಟ್ಟಿದ ಅರ್ಧ ಗಂಟೆಯ ನಂತರ ಜಾಲತಾಣದಿಂದ ಹೊರಬಂದು, ಪಿಎನ್‌ಆರ್ ಮತ್ತು ಹೆಸರನ್ನು ಕೊಟ್ಟು ಬುಕಿಂಗನ್ನು ಹೊಸದಾಗಿ ತೆರೆಯಿರಿ. ನಿಮ್ಮ ಹೆಸರಿನ ಕೆಳಗೆ, ಆ ಪಯಣದ ಸಾಲಿನಲ್ಲಿ, 20 ಕೆ.ಜಿ. ಎಂದು ಕಾಣಬೇಕು. ಹೊಸ ಪ್ರಯಾಣ ಪತ್ರವೂ ಇಮೇಲ್‌ಗೆ ಬಂದಿರಬೇಕು. ಎರಡೂ ಇಲ್ಲದಿದ್ದರೆ ಲಗೇಜು ಸೇರಿಲ್ಲವೆಂದೇ ತಿಳಿಯಿರಿ. ಇದಕ್ಕಾಗಿಯೇ ನಾನು ಮೂರು ದಿನ ಮೊದಲು ಎಂದು ಬರೆದದ್ದು, ಹಿಂದಿನ ರಾತ್ರಿ ಎಂದಲ್ಲ. ತಪ್ಪಾದರೆ ಸರಿಪಡಿಸಿಕೊಳ್ಳಲು ಸಮಯ ಉಳಿದಿರಬೇಕು. ಇನ್ನೊಂದು ಎಚ್ಚರಿಕೆ: ಕೆಲವು ಸಂಸ್ಥೆಗಳಲ್ಲಿ ವೆಬ್ ಚೆಕ್-ಇನ್ ಮುಗಿಸಿದ ಮೇಲೆ ಆನ್‌ಲೈನ್‌ನಲ್ಲಿ ಏನನ್ನೂ ಸೇರಿಸಲು ಬಿಡುವುದಿಲ್ಲ. ಆದ್ದರಿಂದ ಮೊದಲು ಲಗೇಜು, ನಂತರ ಚೆಕ್-ಇನ್.

ಮಧ್ಯವರ್ತಿ ಜಾಲತಾಣದಲ್ಲಿ ಟಿಕೆಟ್ ಕೊಂಡವರು ಲಗೇಜನ್ನಾದರೂ ಸಾಧ್ಯವಾದಷ್ಟು ವಿಮಾನ ಸಂಸ್ಥೆಯ ಜಾಲತಾಣದಲ್ಲೇ ಸೇರಿಸುವುದು ಲೇಸು. ತೊಂದರೆಯಾದಾಗ ಇಬ್ಬರ ನಡುವೆ ಅಲೆಯುವುದು ತಪ್ಪುತ್ತದೆ.

ಗಾಳಿಪಟ

ಲಗೇಜಿನ ಬಗ್ಗೆ ನಾನು ಅವಸರದಲ್ಲಿ ಬರೆದೆ ಎಂದು ಒಪ್ಪುತ್ತೇನೆ. ನಾನು ಯಾವಾಗಲೂ ಕೈಚೀಲವೊಂದನ್ನೇ ಒಯ್ಯುವವನು, ಕೌಂಟರಿನಲ್ಲಿ ತೂಗಿಸಿದ್ದು ಎರಡೇ ಬಾರಿ. ಆದರೆ ಸೀಟಿನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಚೆಕ್-ಇನ್ ತೆರೆದ ಕೂಡಲೇ ಮಾಡಿದರೆ ಒಂದೇ ಬುಕಿಂಗಿನವರನ್ನು ಹತ್ತಿರ ಹತ್ತಿರವೇ ಕೂರಿಸುತ್ತಾರೆ. ನಾನೂ ಪತ್ನಿಯೂ ಒಮ್ಮೆಯೂ ಬೇರೆಯಾಗಿ ಕುಳಿತಿಲ್ಲ.

ಕಿಟಕಿ ಬದಿ

ಗಾಳಿಪಟದವರೇ, ನಿಮಗೆ ಸಿಕ್ಕಿದ್ದು ಎಲ್ಲರಿಗೂ ಸಿಗುವುದಿಲ್ಲ. ನಾನು ಚೆಕ್-ಇನ್ ತೆರೆದ ಹತ್ತು ನಿಮಿಷದೊಳಗೆ ಮಾಡಿದ್ದೆ. ನನಗೆ ಎಂಟನೆಯ ಸಾಲು ಸಿಕ್ಕಿತು, ಏಳು ವರ್ಷದ ಮಗಳಿಗೆ ಇಪ್ಪತ್ತಮೂರನೆಯ ಸಾಲು. ವಿಮಾನದೊಳಗೆ ಸಿಬ್ಬಂದಿ ಬೇರೆಯವರನ್ನು ವಿನಂತಿಸಿ ನಮ್ಮನ್ನು ಒಟ್ಟಿಗೆ ಕೂರಿಸಿದರು, ಆದರೆ ಅಲ್ಲಿಯವರೆಗೆ ಮಗಳು ಅಳುತ್ತಲೇ ಇದ್ದಳು. ಕಿಟಕಿಯ ಸೀಟಿಗೆ ಹಣ ಕೊಟ್ಟಿದ್ದವರೊಬ್ಬರು ನಮಗಾಗಿ ಎದ್ದು ಹೋದರು. ಅದು ನ್ಯಾಯವಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ.

ಮಗು ಜೊತೆಗಿದ್ದರೆ ಮೊದಲು ಆ ಸಂಸ್ಥೆಯ ನಿಯಮವನ್ನು ಓದಬೇಕು. ರಯನ್‌ಏರ್‌ನಲ್ಲಿ 12 ವರ್ಷಕ್ಕಿಂತ ಚಿಕ್ಕ ಮಕ್ಕಳೊಡನೆ ಹೋಗುವ ಒಬ್ಬ ವಯಸ್ಕರು ಸೀಟು ಕೊಳ್ಳುವುದು ಕಡ್ಡಾಯ, ಪಕ್ಕದ ಸೀಟನ್ನು ಮಕ್ಕಳಿಗೆ ಉಚಿತವಾಗಿ ಕೊಡುತ್ತಾರೆ. ಹಾಗೆ ಮಕ್ಕಳಿಗೆ ಉಚಿತವಾಗಿ ಸಿಗುವಲ್ಲಿ ಇಬ್ಬರಿಗೂ ಹಣ ಕಟ್ಟಿಬಿಟ್ಟರೆ ಅದು ವ್ಯರ್ಥ. ಸಂಜೆಮಲ್ಲಿಗೆಯವರೇ, ನಿಮ್ಮ ಮತ್ತು ಮಗನ ಸೀಟನ್ನು ಈಗಲೇ ಒಟ್ಟಿಗೆ ಕೊಳ್ಳಿ. ಕಾಲು ಚಾಚಲು ಜಾಗವಿದೆಯೆಂದು ತಾಯಿಯವರಿಗೆ ತುರ್ತು ಬಾಗಿಲಿನ ಸಾಲನ್ನು ಮಾತ್ರ ಆರಿಸಬೇಡಿ. ತುರ್ತಿನಲ್ಲಿ ಬಾಗಿಲು ತೆರೆಯಲು ನೆರವಾಗಬಲ್ಲವರನ್ನಷ್ಟೇ ಅಲ್ಲಿ ಕೂರಿಸುತ್ತಾರೆ. ಮಕ್ಕಳಿಗೂ ಅಶಕ್ತರಿಗೂ ಅಲ್ಲಿ ಅವಕಾಶವಿಲ್ಲ. ಕೊಂಡಿದ್ದರೂ ಸಿಬ್ಬಂದಿ ಎಬ್ಬಿಸಿ ಬೇರೆಡೆಗೆ ಕಳುಹಿಸುತ್ತಾರೆ.

ನನ್ನದೊಂದು ಪ್ರಶ್ನೆಯೂ ಇದೆ. ಕಳೆದ ಬಾರಿ ಹಣ ಕೊಟ್ಟು ಮುಂದಿನ ಸಾಲಿನ ಸೀಟು ಕೊಂಡಿದ್ದೆ. ಹೊರಡುವ ದಿನ ವಿಮಾನವನ್ನೇ ಬದಲಿಸಿ, ನನಗೆ ಹಿಂದಿನ ಸಾಲನ್ನು ಕೊಟ್ಟರು. ಆ ಹಣವನ್ನು ಮರಳಿ ಕೇಳಬಹುದೇ?

ಕೌಂಟರಿನ ಆಚೆಯವನು

ಖಂಡಿತ ಕೇಳಬಹುದು, ಕೇಳಬೇಕು. ಬದಲಾವಣೆ ಸಂಸ್ಥೆಯ ಕಡೆಯಿಂದ ಆದದ್ದು. ಹಳೆಯ ಸೀಟಿನ ಸಂಖ್ಯೆ ಇರುವ ಪ್ರಯಾಣ ಪತ್ರ ಮತ್ತು ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಜೊತೆಗಿಟ್ಟು ಬರೆಯಿರಿ. ಕೇಳಿದವರಿಗೆ ಮರಳಿಸಿದ್ದನ್ನು ನೋಡಿದ್ದೇನೆ. ತಾನಾಗಿ ಮರಳಿಸಿದ್ದನ್ನು ನೋಡಿದ್ದು ಕಡಿಮೆ.

ಕಿಟಕಿ ಬದಿ

ಬರೆದಿದ್ದೆ, ಸರ್. ಹೊಸ ಸೀಟೂ ಹಣ ಕೊಟ್ಟು ಕೊಳ್ಳುವ ದರ್ಜೆಯದೇ ಆಗಿದೆ, ಆದ್ದರಿಂದ ಮರುಪಾವತಿ ಇಲ್ಲ ಎಂದು ಉತ್ತರ ಬಂದಿದೆ. ಎರಡರ ದರ ಒಂದೇ ಅಲ್ಲ. ಮತ್ತೆ ಬರೆಯುತ್ತೇನೆ.

ಹಗುರ ಹೆಜ್ಜೆ

ಊಟದ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ, ಆದ್ದರಿಂದ ಒಂದು ಮಾತು. ಇದರಲ್ಲಿ ನಿಲ್ದಾಣದ ಕೌಂಟರಿಗೆ ಪಾತ್ರವೇ ಇಲ್ಲ. ಒಂದೋ ಮುಂಗಡ, ಇಲ್ಲವೇ ವಿಮಾನದೊಳಗೆ. ಅಡುಗೆಮನೆಯಿಂದ ಬುಟ್ಟಿಗಳು ವಿಮಾನಕ್ಕೆ ಏರುವ ಮೊದಲೇ ಎಣಿಕೆ ಮುಗಿದಿರಬೇಕಾದ್ದರಿಂದ ಮುಂಗಡ ಊಟಕ್ಕೆ ಹಲವು ಗಂಟೆಗಳ ಮೊದಲೇ ಗಡುವು ಇರುತ್ತದೆ. ಒಳಗೆ ಮಾರುವುದು ಅಂದಾಜಿನ ಮೇಲೆ ಏರಿಸಿದ್ದು, ಹಿಂದಿನ ಸಾಲುಗಳಿಗೆ ಬರುವಷ್ಟರಲ್ಲಿ ಕೆಲವು ಬಗೆಗಳು ಮುಗಿದಿರುತ್ತವೆ. ನನ್ನ ತಂದೆಯವರಿಗೆ ಸಕ್ಕರೆ ಕಾಯಿಲೆಯಿರುವುದರಿಂದ ಅವರಿಗೆ ಮಾತ್ರ ಮುಂಗಡವಾಗಿ ಹೇಳುತ್ತೇನೆ, ನನಗೆ ಹೇಳುವುದಿಲ್ಲ.

ಹಳೆಯ ಚೀಟಿ

ನಾನು ಪ್ರಶ್ನೆಯನ್ನು ತಪ್ಪಾಗಿ ಓದಿಕೊಂಡಿದ್ದೆ, ಕ್ಷಮಿಸಿ. ಆದರೆ ಒಂದು ಅನುಮಾನ. ಮೂವರ ಲಗೇಜನ್ನು ಒಟ್ಟು ಸೇರಿಸಿ 40 ಕೆ.ಜಿ. ಕೊಂಡು, ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿದರೆ ಉಳಿತಾಯವಾಗುವುದಿಲ್ಲವೇ?

ಕೌಂಟರಿನ ಆಚೆಯವನು

ಆಗುವುದಿಲ್ಲ. ಒಂದು ಪೆಟ್ಟಿಗೆ 32 ಕೆ.ಜಿ.ಯನ್ನು ಮೀರಿದರೆ ಹೆಚ್ಚಿನ ಕಡೆ ಅದನ್ನು ತೆಗೆದುಕೊಳ್ಳುವುದೇ ಇಲ್ಲ, ಎಷ್ಟು ಹಣ ಕಟ್ಟಿದ್ದರೂ. ಕೈಯಿಂದ ಎತ್ತಿ ಹಾಕುವ ಕೆಲಸಗಾರರ ಬೆನ್ನಿನ ರಕ್ಷಣೆಗಾಗಿ ಇರುವ ಮಿತಿ ಅದು. ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಬಟ್ಟೆಗಳನ್ನು ಬೇರೆ ಚೀಲಕ್ಕೆ ತುಂಬುತ್ತಿರುವ ಕುಟುಂಬಗಳನ್ನು ನೋಡಿದಾಗಲೆಲ್ಲ ಇದನ್ನು ಅವರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು ಎಂದು ಸಂಕಟವಾಗುತ್ತಿತ್ತು. ಇನ್ನು ಒಂದೇ ಪಿಎನ್‌ಆರ್‌ನಲ್ಲಿರುವವರ ತೂಕವನ್ನು ಒಟ್ಟಾಗಿ ಲೆಕ್ಕ ಹಾಕುವುದು ಕೆಲವು ಸಂಸ್ಥೆಗಳಲ್ಲಿ ಉಂಟು, ಕೆಲವದರಲ್ಲಿ ಇಲ್ಲ. ಅದನ್ನು ಅವರವರ ನಿಯಮದಲ್ಲೇ ನೋಡಬೇಕು.

ಸಂಜೆಮಲ್ಲಿಗೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಸೂಟ್‌ಕೇಸನ್ನು ತುಂಬಿ, ಗಟ್ಟಿ ನೆಲದ ಮೇಲೆ ತೂಗಿದೆವು. 22.4 ಕೆ.ಜಿ. ಬಂತು. ಒಂದು ಕೆ.ಜಿ. ಸೇರಿಸಿಕೊಂಡರೆ ಮಿತಿಯನ್ನು ಮೂರು ಕೆ.ಜಿ.ಗೂ ಹೆಚ್ಚು ಮೀರುತ್ತದೆಯಾದ್ದರಿಂದ 25 ಕೆ.ಜಿ.ಯನ್ನು ನನ್ನ ಹೆಸರಿನ ಸಾಲಿನಲ್ಲಿ, ಹೋಗುವ ಪಯಣಕ್ಕೆ ಮಾತ್ರ ಕೊಂಡೆ. ಅರ್ಧ ಗಂಟೆಯ ನಂತರ ಬುಕಿಂಗನ್ನು ಹೊಸದಾಗಿ ತೆರೆದು ನೋಡಿದೆ, ದಾಖಲಾಗಿದೆ. ನಮ್ಮ ಸಂಸ್ಥೆಯಲ್ಲಿ ಮಕ್ಕಳಿಗೆ ಪಕ್ಕದ ಸೀಟು ಉಚಿತವೆಂಬ ನಿಯಮವಿಲ್ಲ, ಆದ್ದರಿಂದ ನನ್ನದೂ ಮಗನದೂ ಎರಡಕ್ಕೂ ಹಣ ಕಟ್ಟಿದ್ದೇನೆ. ಅದೇ ಸಾಲಿನ ಮೂರನೆಯ ಸೀಟು ಇನ್ನೂ ಖಾಲಿಯಿದೆ. ತಾಯಿಯವರಿಗೆ ವೈದ್ಯರ ಭೇಟಿ ಹೊರಡುವ ಐದು ದಿನ ಮೊದಲು ಇದೆ. ಅಲ್ಲಿಯವರೆಗೆ ಆ ಸೀಟನ್ನು ಬೇರೆಯವರು ಕೊಳ್ಳದಿರಲಿ ಎಂದು ದಿನವೂ ಒಮ್ಮೆ ತೆರೆದು ನೋಡುತ್ತಿದ್ದೇನೆ. ಮೂರನೆಯದನ್ನೂ ಈಗಲೇ ಕೊಂಡುಬಿಡಲೇ?

ಕಿಟಕಿ ಬದಿ

ಕೊಂಡುಬಿಡಿ. ಸೀಟಿನ ಹಣ ಹೋದರೂ ಲಗೇಜಿನಷ್ಟು ದೊಡ್ಡದಲ್ಲ.

ಗಾಳಿಪಟ

ನಾನಾಗಿದ್ದರೆ ಕಾಯುತ್ತಿದ್ದೆ. ತಾಯಿಯವರು ಅದೇ ಸಾಲಿನಲ್ಲಿ ಹಾದಿಯ ಆಚೆ ಕುಳಿತರೂ ತೊಂದರೆಯಿಲ್ಲ. ಆ ಕಡೆ ಎಷ್ಟು ಸೀಟುಗಳು ಖಾಲಿ ಇವೆ ನೋಡಿ.

ಸಂಜೆಮಲ್ಲಿಗೆ

ಹಾದಿಯ ಆಚೆ ಮೂರೂ ಖಾಲಿ ಇವೆ. ಹಾಗಾದರೆ ವೈದ್ಯರ ಭೇಟಿಯವರೆಗೆ ಕಾಯುತ್ತೇನೆ. ಅಂದು ಸಂಜೆಯೇ ತಾಯಿಯವರ ಸೀಟನ್ನೂ ಊಟವನ್ನೂ ಸೇರಿಸಿ ಇಲ್ಲಿ ತಿಳಿಸುತ್ತೇನೆ.